ನಾಲ್ಕು ತುತ್ತಿಗೇ ಸಾಕೆನ್ನಿಸುವಾಗ

ಬೋಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಸೂಸನ್ ರಾಬರ್ಟ್ಸ್ ಮತ್ತು ಸಂಗಡಿಗರು ನಡೆಸಿದ ಒಂದು ಪ್ರಯೋಗ 1994ರಲ್ಲಿ ಪ್ರಕಟವಾಯಿತು. ಆರೋಗ್ಯವಂತ ತರುಣರು ಒಂದು ಕಡೆ, ಆರೋಗ್ಯವಂತ ಹಿರಿಯರು ಇನ್ನೊಂದು ಕಡೆ. ಕೆಲವರಿಗೆ ಮೂರು ವಾರ ಬೇಕಾದ್ದಕ್ಕಿಂತ ಕಡಿಮೆ ಊಟ ಕೊಟ್ಟರು, ಕೆಲವರಿಗೆ ಬೇಕಾದ್ದಕ್ಕಿಂತ ಹೆಚ್ಚು. ಆಮೇಲೆ ಎಲ್ಲರಿಗೂ ‘ಇನ್ನು ನಿಮಗೆ ಹಸಿವಾದಷ್ಟು ತಿನ್ನಿ’ ಎಂದು ಬಿಟ್ಟುಬಿಟ್ಟರು. ಅರೆಹೊಟ್ಟೆಯಲ್ಲಿದ್ದ ತರುಣರು ಮುಗಿಬಿದ್ದು ತಿಂದು ಕಳೆದುಕೊಂಡ ತೂಕವನ್ನು ಮತ್ತೆ ಗಳಿಸಿಕೊಂಡರು. ಹೆಚ್ಚು ತಿಂದಿದ್ದ ತರುಣರು ತಾವಾಗಿಯೇ ಊಟ ಇಳಿಸಿದರು. ಹಿರಿಯರಲ್ಲಿ ಎರಡೂ ಆಗಲಿಲ್ಲ. ತೂಕ ಇಳಿದವರು ಇಳಿದಲ್ಲೇ ಉಳಿದರು. ಮುಂದೆ ಬಡಿಸಿಟ್ಟ ಊಟವಿದ್ದರೂ ಹೆಚ್ಚಿಗೆ ತಿನ್ನಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ, ಪ್ರಯೋಗಾಲಯದ ಅಳತೆಯಿಲ್ಲದೆ. ಎಪ್ಪತ್ತು ದಾಟಿದ ಅಜ್ಜಿಗೆ ಒಂದು ವಾರ ಜ್ವರ ಬರುತ್ತದೆ. ಗಂಜಿ, ಬ್ರೆಡ್ಡಿನಲ್ಲಿ ದಿನ ಕಳೆಯುತ್ತದೆ, ಎರಡು ಕಿಲೋ ಇಳಿಯುತ್ತದೆ. ಜ್ವರ ಬಿಟ್ಟ ಮೇಲೆ ‘ಹಸಿವಾದಾಗ ತಾನೇ ಕೇಳಿ ತಿಂತಾರೆ’ ಎಂದು ಮನೆಯವರು ಕಾಯುತ್ತಾರೆ. ಆ ಹಸಿವು ಬರುವುದೇ ಇಲ್ಲ. ಆರು ತಿಂಗಳಿಗೆ ಇನ್ನೊಂದು ಜ್ವರ, ಇನ್ನೆರಡು ಕಿಲೋ. ಹಸಿವನ್ನೇ ನಂಬಿ ಕೂರುವುದು ಇಪ್ಪತ್ತರ ವಯಸ್ಸಿಗೆ ಸರಿಯಾದ ಲೆಕ್ಕ, ಎಪ್ಪತ್ತೈದಕ್ಕೆ ಅಲ್ಲ.

ಹೊಟ್ಟೆ ಬೇಗ ತುಂಬಿದಂತಾಗುವುದು ನೆಪವಲ್ಲ. ತುತ್ತು ಒಳಗಿಳಿಯುತ್ತಿದ್ದಂತೆ ಜಠರದ ಮೇಲ್ಭಾಗ ಸಡಿಲಗೊಂಡು ಜಾಗ ಮಾಡಿಕೊಡಬೇಕು. ವಯಸ್ಸಾದಂತೆ ಈ ಸಡಿಲಿಕೆ ಕಡಿಮೆಯಾಗುತ್ತದೆ. ಹಾಗಾಗಿ ಊಟ ಬೇಗನೆ ಜಠರದ ಕೆಳಭಾಗಕ್ಕೆ ಸರಿದು ಅಲ್ಲಿನ ಗೋಡೆಯನ್ನು ಹಿಗ್ಗಿಸುತ್ತದೆ. ‘ತುಂಬಿತು’ ಎಂಬ ಸುದ್ದಿ ಮಿದುಳಿಗೆ ಮುಂಚೆಯೇ ಹೋಗುತ್ತದೆ. ಜೊತೆಗೆ ಜಠರ ನಿಧಾನವಾಗಿ ಖಾಲಿಯಾಗುವುದರಿಂದ ಮಧ್ಯಾಹ್ನದ ಊಟ ರಾತ್ರಿ ಎಂಟಕ್ಕೂ ಇದ್ದಂತೆಯೇ ಅನ್ನಿಸುತ್ತದೆ. ಸಣ್ಣ ಕರುಳಿನಿಂದ ಹೊರಡುವ ಕೋಲಿಸಿಸ್ಟೊಕೈನಿನ್ ಎಂಬ ಹಾರ್ಮೋನಿನ ಕೆಲಸವೂ ಊಟ ಸಾಕು ಎಂದು ಹೇಳುವುದೇ. ಹಿರಿಯರ ರಕ್ತದಲ್ಲಿ ಇದರ ಮಟ್ಟ ತರುಣರಿಗಿಂತ ಹೆಚ್ಚಿರುತ್ತದೆ. ಇದರ ಮೇಲೆ ಮೂಗು ಮಂದವಾಗಿರುತ್ತದೆ. ಇಂಗು-ಸಾಸಿವೆಯ ಒಗ್ಗರಣೆ ಚಟಪಟ ಎಂದಾಗ ಬಾಯಲ್ಲಿ ನೀರೂರಿಸುವುದು ನಾಲಿಗೆಯಲ್ಲ, ಮೂಗು. ಆ ವಾಸನೆಯೇ ತಲುಪದಿದ್ದರೆ ಎಂಥ ಸಾರೂ ಸಪ್ಪೆ. ವೈದ್ಯಕೀಯದಲ್ಲಿ ಇದನ್ನು ವೃದ್ಧಾಪ್ಯದ ಹಸಿವುಗೇಡು ಎಂದೇ ಪ್ರತ್ಯೇಕವಾಗಿ ಗುರುತಿಸುತ್ತಾರೆ. ಅಮೆರಿಕದ ವೃದ್ಧರೋಗ ತಜ್ಞ ಜಾನ್ ಮಾರ್ಲಿ 1988ರಿಂದಲೂ ಇದರ ಬಗ್ಗೆ ಬರೆಯುತ್ತ ಬಂದವರು.

ಇಷ್ಟು ವಯಸ್ಸಿನದು. ಉಳಿದದ್ದು ವಯಸ್ಸಿನ ಲೆಕ್ಕಕ್ಕೆ ಹಾಕಬಾರದಂಥದ್ದು: ಅಲುಗಾಡುವ ಹಲ್ಲು, ಸಡಿಲವಾದ ಹಲ್ಲಿನ ಸೆಟ್ಟು, ಮಲಬದ್ಧತೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಹೃದಯದ ಡಿಗಾಕ್ಸಿನ್‌ನಂಥ ಮಾತ್ರೆಗಳು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಕೂತು ಉಣ್ಣುವ ಬೇಸರ. ಇವುಗಳಲ್ಲಿ ಹಲವನ್ನು ಸರಿಪಡಿಸಬಹುದು. ‘ವಯಸ್ಸಾಯ್ತಲ್ಲ, ಅದಕ್ಕೇ’ ಎಂದುಬಿಟ್ಟರೆ ಯಾರೂ ಹುಡುಕುವುದಿಲ್ಲ.

ಈಗ ಸ್ನಾಯುವಿನ ಕಡೆಗೆ ಬರೋಣ. ಸ್ನಾಯು ಎಂದರೆ ಕಟ್ಟಿ ಮುಗಿಸಿಟ್ಟ ವಸ್ತುವಲ್ಲ. ದಿನವೂ ಒಂದಿಷ್ಟು ಪ್ರೋಟೀನ್ ಒಡೆಯುತ್ತದೆ, ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಎರಡು ಊಟಗಳ ನಡುವೆ ಒಡೆಯುವ ಕೈ ಮೇಲು. ಊಟವಾದ ಮೇಲೆ ರಕ್ತದಲ್ಲಿ ಅಮೈನೊ ಆಮ್ಲ ಏರಿದಾಗ, ಅದರಲ್ಲೂ ಲ್ಯೂಸಿನ್ ಎಂಬುದು ಏರಿದಾಗ, ಕಟ್ಟುವ ಕೆಲಸ ಚುರುಕಾಗುತ್ತದೆ. ತರುಣರಲ್ಲಿ ಸ್ವಲ್ಪ ಪ್ರೋಟೀನಿಗೇ ಈ ಚುರುಕು ಬರುತ್ತದೆ. ಹಿರಿಯರ ಸ್ನಾಯು ಕಿವಿ ಮಂದವಾದ ಅಜ್ಜನ ಹಾಗೆ: ಐದು ಸಲ ಪಿಸುಗುಟ್ಟಿದರೂ ಕೇಳಿಸದು, ಒಂದು ಸಲ ಜೋರಾಗಿ ಹೇಳಿದರೆ ಕೇಳುತ್ತದೆ. ಡೇನಿಯಲ್ ಮೂರ್ ಮತ್ತು ಸಂಗಡಿಗರು 2015ರಲ್ಲಿ ಹಲವು ಪ್ರಯೋಗಗಳ ಅಂಕಿಅಂಶ ಒಟ್ಟುಗೂಡಿಸಿ ಈ ಅಂತರವನ್ನು ಅಳೆದರು. ಒಂದು ಊಟದಲ್ಲಿ ಸ್ನಾಯು ಕಟ್ಟುವ ಕೆಲಸ ಪೂರ್ತಿ ಚುರುಕಾಗಲು ತರುಣರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ 0.24 ಗ್ರಾಂ ಪ್ರೋಟೀನ್ ಸಾಕಾದರೆ, ಹಿರಿಯರಿಗೆ ಸುಮಾರು 0.4 ಗ್ರಾಂ ಬೇಕು. ಐವತ್ತು ಕಿಲೋ ತೂಕದವರಿಗೆ ಅದು ಒಂದೇ ಊಟದಲ್ಲಿ 20 ಗ್ರಾಂ. ವ್ಯಂಗ್ಯ ನೋಡಿ, ಕಡಿಮೆ ತಿನ್ನಬೇಕೆನ್ನಿಸುವ ವಯಸ್ಸಿನಲ್ಲೇ ಒಂದು ಹೊತ್ತಿಗೆ ಹೆಚ್ಚು ಬೇಕಾಗಿರುತ್ತದೆ.

ಊಟ ಒಂದೇ ಕಾರಣವಲ್ಲ. ಬೆನ್ನುಹುರಿಯಿಂದ ಸ್ನಾಯುವಿಗೆ ಅಪ್ಪಣೆ ಒಯ್ಯುವ ನರಕೋಶಗಳು ವಯಸ್ಸಿನೊಂದಿಗೆ ಸಾಯುತ್ತ ಬರುತ್ತವೆ. ಅವು ನೋಡಿಕೊಳ್ಳುತ್ತಿದ್ದ ಎಳೆಗಳಲ್ಲಿ ಕೆಲವನ್ನು ಅಕ್ಕಪಕ್ಕದ ನರಗಳು ವಹಿಸಿಕೊಳ್ಳುತ್ತವೆ, ಉಳಿದವು ಅನಾಥವಾಗಿ ಸೊರಗುತ್ತವೆ. ಹೆಚ್ಚು ಪೆಟ್ಟು ಬೀಳುವುದು ವೇಗದ ಎಳೆಗಳಿಗೆ, ಅಂದರೆ ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದವಕ್ಕೇ. ಹೀಗಾಗಿ ಸ್ನಾಯುವಿನ ಗಾತ್ರಕ್ಕಿಂತ ಬಲ ಬೇಗ ಇಳಿಯುತ್ತದೆ. ಎಪ್ಪತ್ತರ ಆಸುಪಾಸಿನವರನ್ನು ವರ್ಷಗಟ್ಟಲೆ ಅಳೆದು ನೋಡಿದ ಅಮೆರಿಕದ ಅಧ್ಯಯನವೊಂದರಲ್ಲಿ ಗಾತ್ರ ವರ್ಷಕ್ಕೆ ಶೇ 1ರಷ್ಟು ಇಳಿದರೆ ಕಾಲಿನ ಬಲ ಸುಮಾರು ಶೇ 3ರಂತೆ ಇಳಿದಿತ್ತು. ಇದಕ್ಕೆ ಸಾರ್ಕೊಪೀನಿಯಾ ಎಂಬ ಹೆಸರು ಕೊಟ್ಟದ್ದು ಇರ್ವಿನ್ ರೋಸೆನ್‌ಬರ್ಗ್, 1980ರ ದಶಕದ ಕೊನೆಯಲ್ಲಿ.

ಈ ನಿಧಾನದ ಇಳಿಕೆ ಹಾಸಿಗೆ ಹಿಡಿದಾಗ ಜಾರುಬಂಡಿಯೇ ಆಗುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಸರಾಸರಿ 67 ವಯಸ್ಸಿನ, ಯಾವ ಕಾಯಿಲೆಯೂ ಇಲ್ಲದ ಸ್ವಯಂಸೇವಕರು ಹತ್ತು ದಿನ ಹಾಸಿಗೆಯಲ್ಲೇ ಇದ್ದರು. ಆ ಹತ್ತು ದಿನಕ್ಕೆ ಕಾಲುಗಳಿಂದಲೇ ಕೊಬ್ಬಲ್ಲದ ಅಂಗಾಂಶ ಹೆಚ್ಚುಕಮ್ಮಿ ಒಂದು ಕಿಲೋ ಹೋಗಿತ್ತು. ಕಾಯಿಲೆಯಿಲ್ಲದವರಿಗೇ ಇಷ್ಟಾದರೆ, ನ್ಯುಮೋನಿಯಾದಿಂದ ಆಸ್ಪತ್ರೆಯಲ್ಲಿ ಮಲಗಿ ಇಡ್ಲಿಯ ಅರ್ಧ ಬಿಟ್ಟೇಳುವವರ ಗತಿ ಊಹಿಸಿಕೊಳ್ಳಬಹುದು.

ಇನ್ನು ತಟ್ಟೆಯ ಲೆಕ್ಕ. ಹಳೇ ಮೈಸೂರು ಸೀಮೆಯ ಮನೆಯೊಂದರ ಅಜ್ಜಿಯನ್ನು ಕಲ್ಪಿಸಿಕೊಳ್ಳೋಣ. ಇವರು ಯಾರೊಬ್ಬರೂ ಅಲ್ಲ, ಇಂಥವರು ಊರಿಗೆ ಹತ್ತು ಜನ ಸಿಗುತ್ತಾರೆ. ವಯಸ್ಸು 74. ಎಂಟು ತಿಂಗಳ ಹಿಂದೆ 53 ಕಿಲೋ ಇದ್ದವರು ಈಗ 48. ಬಳೆಗಳು ಮೊಣಕೈವರೆಗೆ ಜಾರುತ್ತವೆ, ರವಿಕೆಯ ತೋಳು ಜೋತಾಡುತ್ತದೆ. ಸೊಸೆ ಇನ್ನೊಂದು ಸೌಟು ಹಾಕಲು ಬಂದರೆ ‘ಸಾಕು ಕಣವ್ವ, ಹೊಟ್ಟೆ ಗಡದ್ದಾಗೈತೆ’ ಎನ್ನುತ್ತಾರೆ. ‘ಏನೂ ತಿಂದಿಲ್ವಲ್ಲ ಅತ್ತೆ’ ಎಂದರೆ, ‘ಈ ವಯಸ್ಸಲ್ಲಿ ಎಷ್ಟು ತಿಂತಾರೆ?’

ಎಷ್ಟು ತಿನ್ನುತ್ತಾರೆ ಎಂಬುದನ್ನೇ ನೋಡೋಣ. ಬೆಳಗ್ಗೆ ಆರಕ್ಕೆ ಅರ್ಧ ಲೋಟ ಕಾಫಿ, ಎರಡು ಬಿಸ್ಕತ್ತು. ಒಂಬತ್ತಕ್ಕೆ ಎರಡು ಇಡ್ಲಿ, ಕಾಯಿಚಟ್ನಿ. ಒಂದೂವರೆಗೆ ಅರ್ಧ ಮುದ್ದೆ, ಒಂದು ಹಿಡಿ ಅನ್ನ, ತಿಳಿಸಾರು, ನೀರು ಮಜ್ಜಿಗೆ. ಐದಕ್ಕೆ ಕಾಫಿ, ಎರಡು ರಸ್ಕು. ರಾತ್ರಿ ಎಂಟಕ್ಕೆ ಒಂದಿಷ್ಟು ಮಜ್ಜಿಗೆ ಅನ್ನ, ಉಪ್ಪಿನಕಾಯಿ. ಇಡೀ ದಿನಕ್ಕೆ ಐದು ಸಲ ಬಾಯಾಡಿದಂತಾಯಿತು; ಮನೆಯವರ ಕಣ್ಣಿಗೆ ಅಜ್ಜಿ ‘ತಿನ್ನುತ್ತಲೇ ಇರುತ್ತಾರೆ’. ಲೆಕ್ಕ ಹಾಕಿದರೆ ಕಾಫಿ-ಬಿಸ್ಕತ್ತಿನಲ್ಲಿ 3 ಗ್ರಾಂ ಪ್ರೋಟೀನ್, ತಿಂಡಿಯಲ್ಲಿ 5, ಮಧ್ಯಾಹ್ನ 10, ಸಂಜೆ 3, ರಾತ್ರಿ 5. ಒಟ್ಟು 26 ಗ್ರಾಂ. ಶಕ್ತಿ ಸುಮಾರು 1050 ಕ್ಯಾಲೊರಿ. ಒಂದು ಹೊತ್ತಿನಲ್ಲಾದರೂ 20 ಗ್ರಾಂ ಹತ್ತಿರ ಸುಳಿದಿಲ್ಲ. ಇಡೀ ದಿನ ಪಿಸುಮಾತೇ.

ಬೇಕಾದದ್ದು ಎಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಹೇಳಿದ ಪ್ರಮಾಣ ದೇಹದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ಈ ಅಜ್ಜಿಗೆ ಅದು 40 ಗ್ರಾಂ. ಆದರೆ 2013ರಲ್ಲಿ ಪ್ರೋಟ್-ಏಜ್ ಎಂಬ ಅಂತಾರಾಷ್ಟ್ರೀಯ ತಜ್ಞರ ಗುಂಪು 65 ದಾಟಿದ ಆರೋಗ್ಯವಂತರಿಗೆ 1 ರಿಂದ 1.2 ಗ್ರಾಂ, ಕಾಯಿಲೆ ಬಿದ್ದವರಿಗೆ 1.2 ರಿಂದ 1.5 ಗ್ರಾಂ ಬೇಕೆಂದಿತು. ತೂಕ ಇಳಿದಿರುವ ಅಜ್ಜಿಗೆ 1.2 ಹಿಡಿದರೆ 58 ಗ್ರಾಂ; ಈಗ ತಿನ್ನುತ್ತಿರುವುದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು. ಶಕ್ತಿಗೆ ಪ್ರತಿ ಕಿಲೋಗೆ ಸುಮಾರು 30 ಕ್ಯಾಲೊರಿ ಎಂಬುದು ವಯಸ್ಸಾದವರಿಗೆ ಯುರೋಪಿನ ಪೋಷಣಾ ತಜ್ಞರು ಬಳಸುವ ಅಂದಾಜು, ಅಂದರೆ 1440. ದಿನಕ್ಕೆ 400 ಕ್ಯಾಲೊರಿ ಕೊರತೆ. ಈ ಎರಡನ್ನೂ ಒಟ್ಟಿಗೇ ಸರಿಮಾಡಬೇಕು. ಕ್ಯಾಲೊರಿ ಸಾಲದೆ ಹೋದರೆ ದೇಹ ತಿಂದ ಪ್ರೋಟೀನನ್ನೇ ಉರುವಲಾಗಿ ಉರಿಸಿಕೊಳ್ಳುತ್ತದೆ, ಸ್ನಾಯುವಿಗೆ ಉಳಿಯುವುದಿಲ್ಲ. ದುಬಾರಿ ಪ್ರೋಟೀನ್ ಪುಡಿ ತಂದು, ಅನ್ನ-ಮುದ್ದೆ ಕಡಿಮೆ ಮಾಡಿಸುವವರು ಮಾಡುವ ತಪ್ಪು ಇದೇ.

ತಟ್ಟೆಯ ಗಾತ್ರ ದೊಡ್ಡದು ಮಾಡುವಂತಿಲ್ಲ, ಹೊಟ್ಟೆ ಒಪ್ಪುವುದಿಲ್ಲ. ಅಷ್ಟೇ ತುತ್ತುಗಳಲ್ಲಿ ಹೆಚ್ಚು ಸಾರ ಇರಬೇಕು. ಹಾಗೆ ನೋಡಿದರೆ ಅಜ್ಜಿಯ ತಟ್ಟೆಯಲ್ಲಿ ಅತಿ ಹೆಚ್ಚು ಜಾಗ ತಿನ್ನುತ್ತಿರುವುದು ನೀರು: ನೀರು ಮಜ್ಜಿಗೆ, ತಿಳಿಸಾರು, ನೀರು ಕಾಫಿ. ನಮ್ಮಲ್ಲಿ ಬೇಳೆಕಟ್ಟಿಗೆ ಬಹಳ ಮರ್ಯಾದೆ, ಸತ್ವವೆಲ್ಲ ಅದರಲ್ಲಿಳಿದಿದೆ ಎಂಬ ನಂಬಿಕೆ. ಬೇಳೆಯ ಪ್ರೋಟೀನ್ ಬಹುಪಾಲು ಬೇಳೆಯಲ್ಲೇ ಇರುತ್ತದೆ, ಕಟ್ಟಿನಲ್ಲಿ ಅಲ್ಲ. ಬಸ್ಸಾರು ಮಾಡುವ ಮನೆಗಳಲ್ಲಿ ಇದು ಕಣ್ಣಿಗೆ ರಾಚುತ್ತದೆ. ಹುರುಳಿಯನ್ನೋ ಅಲಸಂದೆಯನ್ನೋ ಸೊಪ್ಪಿನ ಜೊತೆ ಬೇಯಿಸಿ ಬಸಿಯುತ್ತಾರೆ. ಬಸಿದ ನೀರು ಸಾರಾಗುತ್ತದೆ, ಕಾಳು-ಸೊಪ್ಪು ಪಲ್ಯವಾಗುತ್ತದೆ. ಹಲ್ಲಿದ್ದ ಮೊಮ್ಮಕ್ಕಳು ಪಲ್ಯ ತಿನ್ನುತ್ತಾರೆ. ಹಲ್ಲಿಲ್ಲದ ಅಜ್ಜಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಒಂದೇ ಒಲೆಯ ಅಡುಗೆಯಲ್ಲಿ ಪ್ರೋಟೀನ್ ಒಬ್ಬರ ಪಾಲು, ನೀರು ಇನ್ನೊಬ್ಬರ ಪಾಲು. ಅಜ್ಜಿಯ ಪಾಲಿನ ಪಲ್ಯವನ್ನು ಅರೆದು ಅವರ ಸಾರಿಗೇ ಮತ್ತೆ ಬೆರೆಸಿಬಿಟ್ಟರೆ ಅರ್ಧ ಕೆಲಸ ಆದಂತೆ.

ಬದಲಾದ ದಿನ ಹೀಗಿರಬಹುದು. ಬೆಳಗಿನ ಕಾಫಿ ಇರಲಿ, ಬಿಸ್ಕತ್ತು ಬೇಡ. ಅದು ತಿಂಡಿಯ ಹಸಿವನ್ನೇ ಕೊಲ್ಲುತ್ತದೆ. ರಾತ್ರಿ ಎಂಟರಿಂದ ಬೆಳಗ್ಗೆ ಒಂಬತ್ತರವರೆಗೆ ಹದಿಮೂರು ಗಂಟೆ ಹೆಚ್ಚುಕಡಿಮೆ ಖಾಲಿ ಇರುವುದರಿಂದ ತಿಂಡಿಯನ್ನೂ ಒಂದು ಗಂಟೆ ಮುಂಚೆ, ಎಂಟಕ್ಕೆ ತರಬೇಕು. ಇಡ್ಲಿಯ ಬದಲು ವಾರದಲ್ಲಿ ಹೆಚ್ಚಿನ ದಿನ ಹೆಸರುಬೇಳೆ ದೋಸೆ: 40 ಗ್ರಾಂ ಬೇಳೆ ನೆನೆಸಿ ರುಬ್ಬಿದರೆ ಎರಡು ಮೆತ್ತನೆಯ ಸಣ್ಣ ದೋಸೆ, ಅದರಲ್ಲೇ 9 ಗ್ರಾಂಗಿಂತ ಸ್ವಲ್ಪ ಹೆಚ್ಚು. ಚಟ್ನಿಗೆ ಒಂದು ಹಿಡಿ ಹುರಿಗಡಲೆ ಹೆಚ್ಚಿಗೆ ಬಿದ್ದರೆ ಇನ್ನು 3. ಜೊತೆಗೆ ಒಂದು ಮೊಟ್ಟೆ, 6 ಗ್ರಾಂ. ಸೋಮವಾರ, ಶನಿವಾರ ಮೊಟ್ಟೆ ಮುಟ್ಟದ ಅಜ್ಜಿಯಾದರೆ ಆ ದಿನ ಒಂದು ಲೋಟ ಗಟ್ಟಿ ಹಾಲು ಅದೇ ಜಾಗ ತುಂಬುತ್ತದೆ. ತಿಂಡಿಗೇ 19 ಗ್ರಾಂ ಆಯಿತು.

ಮಧ್ಯಾಹ್ನ ಅರ್ಧ ಮುದ್ದೆ ಹಾಗೇ ಇರಲಿ. ಜೀವಮಾನವಿಡೀ ಉಂಡದ್ದನ್ನು ಕಿತ್ತುಕೊಳ್ಳಲು ಹೋಗಬಾರದು. ಒಂದು ಹಿಡಿ ಅನ್ನ ಬಿಟ್ಟು, ಅದರ ಜಾಗಕ್ಕೆ 40 ಗ್ರಾಂ ಕಾಳು ನುಣ್ಣಗೆ ಬೆಂದು ಬೆರೆತ ಗಟ್ಟಿ ಸಾರು, ಮೇಲೆ ಒಂದು ಚಮಚ ತುಪ್ಪ. ರಾಗಿ ಮತ್ತು ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಧಾರಾಳ. ಎರಡೂ ಒಂದೇ ತಟ್ಟೆಯಲ್ಲಿದ್ದಾಗ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ನೀರು ಮಜ್ಜಿಗೆಯ ಬದಲು ಅರ್ಧ ಬಟ್ಟಲು ಗಟ್ಟಿ ಮೊಸರು. ಬಾಡೂಟದ ಮನೆಯಾದರೆ ಮೆತ್ತಗೆ ಬೆಂದ ಎರಡು ತುಂಡು ಕೋಳಿಯನ್ನೋ ಮೀನನ್ನೋ ಮೂಳೆ ಬಿಡಿಸಿ ಮುದ್ದೆಯ ಮಗ್ಗುಲಿಗಿಟ್ಟರೆ ಒಟ್ಟು 20 ಗ್ರಾಂ ದಾಟುತ್ತದೆ. ಇಲ್ಲದವರಿಗೆ ಪನೀರನ್ನು ಪುಡಿಮಾಡಿ ಸಾರಿಗೆ ಬೆರೆಸಬಹುದು. 30 ಗ್ರಾಂ ಪನೀರಿನಲ್ಲಿ 5 ಗ್ರಾಂಗೂ ಮೇಲಿದೆ.

ಸಂಜೆ ನಾಲ್ಕಕ್ಕೆ, ಐದಕ್ಕಲ್ಲ, ಹಾಲಿನಲ್ಲಿ ಕಾಯಿಸಿದ ರಾಗಿ ಗಂಜಿಗೆ ಒಂದೂವರೆ ಚಮಚ ಹುರಿಗಡಲೆ ಹಿಟ್ಟು. ಕುಡಿಯುವುದಕ್ಕೆ ಇಲ್ಲೊಂದು ಅನುಕೂಲವಿದೆ. ದ್ರವ ಬೇಗ ಜಠರ ದಾಟುತ್ತದೆ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಇಯನ್ ಚಾಪ್‌ಮನ್ ತಂಡ ನಡೆಸಿದ ಪ್ರಯೋಗಗಳಲ್ಲಿ ಹಾಲಿನ ಪ್ರೋಟೀನ್ ಪೇಯ ಕುಡಿದ ತರುಣರು ಮುಂದಿನ ಊಟ ಕಡಿಮೆ ಮಾಡಿದರು, ಹಿರಿಯರು ಅಷ್ಟಾಗಿ ಕಡಿಮೆ ಮಾಡಲಿಲ್ಲ. ಹಾಗೆಂದು ಊಟಕ್ಕೆ ಅರ್ಧ ಗಂಟೆ ಮುಂಚೆ ಲೋಟ ಕೈಗೆ ಕೊಡಬಾರದು. ರಾತ್ರಿ ಏಳೂವರೆಗೆ ಸ್ವಲ್ಪ ಅನ್ನ, ತೊವ್ವೆ, ತುಪ್ಪ, ಒಂದು ಬಟ್ಟಲು ಗಟ್ಟಿ ಮೊಸರು. ಕೂಡಿಸಿದರೆ ದಿನಕ್ಕೆ 60 ಗ್ರಾಂ ದಾಟುತ್ತದೆ, ಶಕ್ತಿ 1500 ಕ್ಯಾಲೊರಿಯ ಆಸುಪಾಸು. ತುತ್ತುಗಳ ಸಂಖ್ಯೆ ಹೆಚ್ಚಿಲ್ಲ. ದಿನಕ್ಕೆ ಎರಡು-ಮೂರು ಚಮಚ ತುಪ್ಪವೇ ನೂರಕ್ಕೂ ಹೆಚ್ಚು ಕ್ಯಾಲೊರಿ ತಂದಿತು, ಹೊಟ್ಟೆಯಲ್ಲಿ ಜಾಗವನ್ನೇ ಹಿಡಿಯದೆ. ‘ಅಯ್ಯೋ, ಕೊಲೆಸ್ಟ್ರಾಲು’ ಎಂದು ಹತ್ತು ವರ್ಷದ ಹಿಂದೆ ಯಾರೋ ಹೇಳಿದ್ದು ಇನ್ನೂ ಜಾರಿಯಲ್ಲಿರುವ ಮನೆಗಳು ಬಹಳ. ಎಪ್ಪತ್ತನಾಲ್ಕರಲ್ಲಿ ತೂಕ ಕಳೆದುಕೊಳ್ಳುತ್ತಿರುವವರ ಊಟದಿಂದ ಇನ್ನಷ್ಟು ಕಿತ್ತುಕೊಳ್ಳುವ ಮುಂಚೆ, ಆ ಹಳೆಯ ಪಥ್ಯ ಈಗಲೂ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಸಕ್ಕರೆ ಕಾಯಿಲೆಯ ಪಥ್ಯಕ್ಕೂ ಈ ಮಾತು ಸಲ್ಲುತ್ತದೆ.

ಇದನ್ನೆಲ್ಲ ಒಂದೇ ದಿನ ಶುರು ಮಾಡಿದರೆ ಮೂರನೆಯ ದಿನ ಅಜ್ಜಿ ಹೊಟ್ಟೆಯುಬ್ಬರವೆಂದು ಎಲ್ಲ ನಿಲ್ಲಿಸುತ್ತಾರೆ. ಕಾಳನ್ನು ರಾತ್ರಿಯಿಡೀ ನೆನೆಸಿ, ನೀರು ಬದಲಿಸಿ, ಕುಕ್ಕರಿನಲ್ಲಿ ಎರಡು ಕೂಗು ಹೆಚ್ಚಿಗೆ ಕೂಗಿಸಿ, ಇಂಗು ಹಾಕಿ, ಮೊದಲ ವಾರ ಅರ್ಧ ಪ್ರಮಾಣದಿಂದ ಹೊರಡಬೇಕು. ಮೊದಲು ತಿಂಡಿಯನ್ನಷ್ಟೇ ಬದಲಿಸಿ, ಅದು ಒಗ್ಗಿದ ಮೇಲೆ ಮಧ್ಯಾಹ್ನಕ್ಕೆ ಕೈಹಾಕುವುದು ಒಳ್ಳೆಯದು. ಬೆಳಗ್ಗೆ ಹಸಿವು ಚೆನ್ನಾಗಿರುವವರಿಗೆ ತಿಂಡಿಯಲ್ಲೇ ಹೆಚ್ಚು ಹೇರಬಹುದು. ಹಿರಿಯರಲ್ಲಿ ಹಲವರಿಗೆ ರಾತ್ರಿಗಿಂತ ಬೆಳಗ್ಗೆಯೇ ಊಟ ಸೇರುತ್ತದೆ. ಅಂಗಡಿಯ ಡಬ್ಬಿ ಪುಡಿಗಳ ವಿಷಯದಲ್ಲಿ ಹಿಂಬದಿಯ ಸಣ್ಣಕ್ಷರ ಓದಿಯೇ ತೀರಬೇಕು. ಕೆಲವು ಪುಡಿಗಳಲ್ಲಿ ಒಂದು ಸಲದ ಪ್ರಮಾಣಕ್ಕೆ ಮೂರು-ನಾಲ್ಕು ಗ್ರಾಂ ಪ್ರೋಟೀನ್ ಮಾತ್ರ, ಉಳಿದದ್ದು ಸಕ್ಕರೆ ಮತ್ತು ಮಾಲ್ಟು. ಅದಕ್ಕಿಂತ ಒಂದು ಮೊಟ್ಟೆ ಮೇಲು, ಬೆಲೆಯಲ್ಲೂ.

ಪುಡಿ ಕುಡಿದು ಕೂತರೆ ಏನಾಗುತ್ತದೆಂಬುದಕ್ಕೆ ಮತ್ತೆ ಬೋಸ್ಟನ್ನಿಗೇ ಹೋಗಬೇಕು. ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಅಲ್ಲಿನ ವೃದ್ಧಾಶ್ರಮವೊಂದರ ನೂರು ಜನರನ್ನು ನಾಲ್ಕು ಗುಂಪು ಮಾಡಿ ನಡೆಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 87. ಒಂದು ಗುಂಪಿಗೆ ಹತ್ತು ವಾರ ಕಾಲಿನ ಸ್ನಾಯುಗಳಿಗೆ ಭಾರದ ವ್ಯಾಯಾಮ, ಒಂದಕ್ಕೆ ಪೌಷ್ಟಿಕ ಪೇಯ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗೂ ಹೆಚ್ಚಾಯಿತು. ಬರೀ ಪೇಯ ಕುಡಿದವರಲ್ಲಿ ಬಲ ಏರಲಿಲ್ಲ. ಅಷ್ಟೇ ಅಲ್ಲ, ಪೇಯ ಕುಡಿದಷ್ಟೂ ಊಟ ಕಡಿಮೆ ಮಾಡಿ ಒಟ್ಟು ಕ್ಯಾಲೊರಿಯನ್ನು ಇದ್ದಲ್ಲಿಗೇ ತಂದು ನಿಲ್ಲಿಸಿಕೊಂಡಿದ್ದರು. ಎರಡೂ ಇದ್ದವರಲ್ಲಿ ಮಾತ್ರ ಒಟ್ಟು ಆಹಾರ ಏರಿತ್ತು. ಕೆಲಸ ಕೊಟ್ಟ ಸ್ನಾಯು ಆಮೇಲೆ ಬಂದ ಪ್ರೋಟೀನಿನ ಮಾತನ್ನು ಹೆಚ್ಚು ಚೆನ್ನಾಗಿ ಕೇಳುತ್ತದೆ, ಹಸಿವೂ ಒಂದಿಷ್ಟು ತೆರೆಯುತ್ತದೆ.

ಅಜ್ಜಿಗೆ ಜಿಮ್ಮು ಬೇಕಿಲ್ಲ. ಗೋಡೆಗೆ ಒರಗಿಸಿಟ್ಟ, ಜಾರದ ಕುರ್ಚಿ ಸಾಕು. ತಿಂಡಿಗೆ ಅರ್ಧ ಗಂಟೆ ಮುಂಚೆ ಅದರಿಂದ ಎದ್ದು ಕೂರುವುದು, ಮೊದಲು ಕೈಯೂರಿ, ಆಮೇಲೆ ಕೈ ಬಿಟ್ಟು. ಎಂಟು ಸಲ ಎದ್ದು, ಸ್ವಲ್ಪ ಸುಧಾರಿಸಿಕೊಂಡು, ಇನ್ನೆಂಟು ಸಲ. ಕೊನೆಯ ಎರಡು-ಮೂರು ಸಲ ನಿಜಕ್ಕೂ ಕಷ್ಟವಾಗಬೇಕು. ಸಲೀಸಾದರೆ ಕುರ್ಚಿ ಎತ್ತರವಾಯಿತು, ಇಲ್ಲವೇ ಸಂಖ್ಯೆ ಸಾಲದು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು ಇನ್ನೊಂದು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ‘ದಿನಾ ವಾಕಿಂಗ್ ಮಾಡ್ತಾರಲ್ಲ’ ಎಂಬುದು ಇದಕ್ಕೆ ಬದಲಲ್ಲ. ನಡಿಗೆ ಎದೆಗೆ ಒಳ್ಳೆಯದು, ವೇಗದ ಎಳೆಗಳಿಗೆ ಅದರಿಂದ ಸಾಕಷ್ಟು ಕೆಲಸ ಸಿಗುವುದಿಲ್ಲ. ಎದೆನೋವು, ತಲೆ ತಿರುಗುವುದು, ಇತ್ತೀಚೆಗೆ ಮಂಡಿಯ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಮೂತ್ರಪಿಂಡದ ಮಾತು ಬಂದೇ ಬರುತ್ತದೆ. ಕೆಲಸ ಚೆನ್ನಾಗಿರುವ ಮೂತ್ರಪಿಂಡಕ್ಕೆ ಪ್ರತಿ ಕಿಲೋಗೆ ದಿನಕ್ಕೆ 1.2 ಗ್ರಾಂ ಲೆಕ್ಕದ ಪ್ರೋಟೀನಿನಿಂದ ಹಾನಿಯಿಲ್ಲ. ಆದರೆ ಡಯಾಲಿಸಿಸ್ ಇನ್ನೂ ಶುರುವಾಗದ, ಮೂತ್ರಪಿಂಡ ತೀರ ಸೊರಗಿದವರಿಗೆ ಪ್ರೋಟೀನ್ ಇಳಿಸಬೇಕಾಗುತ್ತದೆ. ಪ್ರೋಟ್-ಏಜ್ ಗುಂಪು ತನ್ನ ಶಿಫಾರಸಿನಿಂದ ಹೊರಗಿಟ್ಟದ್ದು ಇವರನ್ನೇ. ಇಲ್ಲಿ ಒಂದು ಮೋಸವಿದೆ. ಲ್ಯಾಬಿನ ವರದಿಯಲ್ಲಿ ನೋಡುವ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಕರಗಿದವರಲ್ಲಿ ಅದು ಹುಟ್ಟುವುದೇ ಕಡಿಮೆ. ಹಾಗಾಗಿ ಮೂತ್ರಪಿಂಡ ಸೋತಿದ್ದರೂ ವರದಿ ‘ನಾರ್ಮಲ್’ ಎನ್ನಬಹುದು. ತೀರ ತೆಳ್ಳಗಿರುವ ಹಿರಿಯರಲ್ಲಿ ಅನುಮಾನ ಬಂದರೆ ವೈದ್ಯರು ಸಿಸ್ಟಾಟಿನ್-ಸಿ ಎಂಬ ಇನ್ನೊಂದು ಪರೀಕ್ಷೆ ಮಾಡಿಸುವುದು ಈ ಕಾರಣಕ್ಕೆ. ಇನ್ನು, ಕೆಲವು ದಿನಗಳಿಂದ ಹೆಚ್ಚುಕಡಿಮೆ ಏನೂ ತಿನ್ನದವರಿಗೆ ಒಮ್ಮೆಲೇ ತುಂಬ ಉಣಿಸುವುದು ಅಪಾಯ. ರಕ್ತದ ಲವಣಗಳು ಏರುಪೇರಾಗುತ್ತವೆ, ಅದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ.

ಫಲ ಕಾಣುತ್ತಿದೆಯೇ ಎಂದು ತಿಳಿಯಲು ತೂಕದ ಯಂತ್ರವೊಂದನ್ನೇ ನಂಬಬಾರದು. ಕಾಲಲ್ಲಿ ನೀರು ತುಂಬಿದರೂ ಮುಳ್ಳು ಮೇಲೇರುತ್ತದೆ, ದಪ್ಪಗಿದ್ದವರಲ್ಲಿ ಕೊಬ್ಬಿನ ಕೆಳಗೆ ಸ್ನಾಯು ಕರಗಿದ್ದರೂ ಮುಳ್ಳು ಅಲುಗುವುದಿಲ್ಲ. ದರ್ಜಿಯ ಟೇಪನ್ನು ಮೀನಖಂಡದ ಅತಿ ದಪ್ಪ ಭಾಗಕ್ಕೆ ಸುತ್ತಿ ನೋಡಬೇಕು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೇಳಿದ ಗಡಿ ಗಂಡಸರಿಗೆ 34 ಸೆಂಟಿಮೀಟರ್, ಹೆಂಗಸರಿಗೆ 33; ಅದಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನ ತಪಾಸಣೆ ಬೇಕು. ನಮ್ಮ ಅಜ್ಜಿಯದು 29. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಅದೂ ಎಚ್ಚರಿಕೆಯೇ. ಅಜ್ಜಿಗೆ ಈಗ ಕೈಯೂರದೆ ಏಳಲಾಗುವುದಿಲ್ಲ. ಎರಡು-ಮೂರು ತಿಂಗಳಲ್ಲಿ ಮೊದಲು ಸುಧಾರಿಸುವುದು ಈ ಏಳುವ ವೇಗ; ಟೇಪಿನ ಅಳತೆ ಬಹಳ ತಡವಾಗಿ, ಅರ್ಧ-ಒಂದು ಸೆಂಟಿಮೀಟರ್ ಅಲುಗಿದರೆ ಹೆಚ್ಚು. ಹಾಗಾಗಿ ತಿಂಗಳಿಗೊಮ್ಮೆ ಒಂದೇ ಕುರ್ಚಿ, ಒಂದೇ ಹೊತ್ತು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಬರೆದಿಡುವುದು ಉತ್ತಮ.

ಆದರೆ ಹೀಗೆ ಉಂಡೂ, ನಿಜಕ್ಕೂ ಉಂಡಿದ್ದಾರೆಂದು ಸೊಸೆ ಕಣ್ಣಾರೆ ನೋಡಿದ ಮೇಲೂ, ಒಂದು ತಿಂಗಳಿಗೆ ತೂಕ ಇಳಿಯುತ್ತಲೇ ಇದ್ದರೆ ದೋಷ ತಟ್ಟೆಯದಲ್ಲ. ಆರು ತಿಂಗಳಲ್ಲಿ ತೂಕದ ಶೇ 5ಕ್ಕಿಂತ ಹೆಚ್ಚು ತಾನಾಗಿ ಹೋದವರು ಯಾರೇ ಆಗಲಿ, ಕಾಯದೆ ವೈದ್ಯರ ಬಳಿ ಹೋಗಬೇಕು. ಎಂಟು ತಿಂಗಳಲ್ಲಿ ಶೇ 9ರಷ್ಟು ಕಳೆದುಕೊಂಡ ಅಜ್ಜಿ ಆ ಗಡಿ ದಾಟಿಯಾಗಿದೆ. ಊಟ ಬದಲಿಸುವ ಕೆಲಸ ಮನೆಯಲ್ಲಿ ನಡೆಯುತ್ತಿರುವಾಗಲೇ ಥೈರಾಯ್ಡ್, ರಕ್ತದ ಸಕ್ಕರೆ, ಹಿಮೋಗ್ಲೋಬಿನ್, ಕಫ ಮತ್ತು ಎದೆಯ ಎಕ್ಸ್‌ರೇ ನೋಡಬೇಕು. ಕ್ಷಯ ನಮ್ಮಲ್ಲಿ ವಯಸ್ಸಾದವರಿಗೂ ಬರುತ್ತದೆ, ಕೆಲವೊಮ್ಮೆ ಜೋರಾದ ಕೆಮ್ಮಿಲ್ಲದೆಯೂ. ನುಂಗಲು ಕಷ್ಟ, ಕಪ್ಪು ಮಲ, ಹೊಟ್ಟೆಯಲ್ಲಿ ಗಡ್ಡೆಯಂಥದ್ದು ಕೈಗೆ ಸಿಗುವುದು, ಇವುಗಳಲ್ಲಿ ಒಂದಿದ್ದರೂ ವಾರ ಮುಂದೂಡುವಂತಿಲ್ಲ. ಹೋಗುವಾಗ ಅಜ್ಜಿ ನುಂಗುವ ಮಾತ್ರೆಗಳನ್ನೆಲ್ಲ, ಪಕ್ಕದ ಊರಿನ ನಾಟಿ ಔಷಧಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ; ಹಸಿವು ಕೊಂದಿರುವುದು ಅವುಗಳಲ್ಲಿ ಒಂದಾಗಿದ್ದರೆ ಅದೇ ದಿನ ಗೊತ್ತಾಗಬಹುದು.